ಮಾನಿಟರ್ ಸ್ಪೆಕ್ ಶೀಟ್ ಓದುವ ಮೊದಲು ಕೋಣೆಯ ಬೆಳಕು ಅಳೆಯಿರಿ

ಮಾನಿಟರ್ ತೆಗೆದುಕೊಳ್ಳಲು ಹೊರಟವರು ಮೊದಲು ನೋಡುವುದು ಎಷ್ಟು ಇಂಚು, ಎಷ್ಟು ರೇಟು ಅಂತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು ಇರುತ್ತವೆ: ಬ್ರೈಟ್‌ನೆಸ್, ಕಾಂಟ್ರಾಸ್ಟ್ ರೇಶಿಯೋ, ಕಲರ್ ಗ್ಯಾಮಟ್. ಪರದೆಯ ಮೇಲೆ ಚಿತ್ರ ಹೇಗೆ ಕಾಣುತ್ತದೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಈ ಮೂರೇ ಸಾಲು. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಆ ಅಂಕೆಗಳನ್ನು ಅಳೆದದ್ದು ಕತ್ತಲೆ ಕೋಣೆಯಲ್ಲಿ. ನಿಮ್ಮ ಮನೆಯ ಕಿಟಕಿ, ಅಂಗಳದ ಬಿಸಿಲು, ತಲೆ ಮೇಲಿನ ಟ್ಯೂಬ್‌ಲೈಟ್ ಯಾವುದೂ ಆ ಲೆಕ್ಕದಲ್ಲಿ ಸೇರಿಲ್ಲ. ಹಾಗಾಗಿ ಕೋಣೆಯನ್ನು ಬಿಟ್ಟು ಬರೀ ಸ್ಪೆಕ್ ಶೀಟ್ ಓದಿದರೆ ಅರ್ಧ ಮಾತ್ರ ಓದಿದ ಹಾಗೆ.

ಬದಿಯಡ್ಕದ ಹತ್ತಿರ ಇರುವ ನಮ್ಮ ಭಾವ ಒಬ್ಬರು ಮದುವೆ ಮತ್ತು ಯಕ್ಷಗಾನದ ಫೋಟೋ ತೆಗೆಯುತ್ತಾರೆ. ಎಡಿಟಿಂಗ್ ಮನೆಯಲ್ಲೇ. ಆಲ್ಬಮ್ ಪ್ರಿಂಟ್ ಆಗುವುದು ಮಂಗಳೂರಿನ ಲ್ಯಾಬಿನಲ್ಲಿ. ಅವರು ಮೂರು ಮಾನಿಟರುಗಳ ಸ್ಪೆಕ್ ಕಳಿಸಿ, "ಯಾವುದು ತೆಗೆಯಲಿ ಭಾವ?" ಅಂತ ಕೇಳಿದ್ದರು. ಆ ಮೂರನ್ನೇ ಇಟ್ಟುಕೊಂಡು ಹೇಳುತ್ತೇನೆ, ಅಂಕೆಗಳು ಕಣ್ಣಿಗೆ ಕಟ್ಟುತ್ತವೆ.

```
A: IPS, 250 cd/m², 1000:1, 99% sRGB
B: VA,  250 cd/m², 3000:1, 72% NTSC
C: IPS, 350 cd/m², 1000:1, 95% DCI-P3
```

IPS, VA ಅನ್ನುವುದು ಪರದೆಯ ಪ್ಯಾನೆಲಿನ ಎರಡು ಬಗೆ. ಈ ಅಂಕೆಗಳನ್ನು ತೆಗೆದದ್ದು ಅಂಗಡಿಯ ಪುಟದಿಂದ ಅಲ್ಲ. ಮಾನಿಟರ್ ಮಾಡುವ ಕಂಪನಿಯ ಸ್ವಂತ ಸೈಟಿನಲ್ಲಿ, ಪೂರ್ತಿ ಮಾಡೆಲ್ ನಂಬರ್ ಹಾಕಿ ಹುಡುಕಿದ ಶೀಟಿನಿಂದ. ಮಾಡೆಲ್ ನಂಬರಿನ ಕೊನೆಯ ಒಂದು ಅಕ್ಷರ ಬೇರೆಯಾದರೂ ಒಳಗಿನ ಪ್ಯಾನೆಲ್ ಬೇರೆ ಇರಬಹುದು. ಅದಕ್ಕೇ ನಂಬರನ್ನು ಪೂರ್ತಿ ಹೊಂದಿಸಿ ನೋಡಿ, ಸುಮ್ನೆ ಹೆಸರು ನೋಡಿ ಬಿಡಬೇಡಿ.

ಮೊದಲ ಹೆಜ್ಜೆ: ಮಾನಿಟರ್ ಇಡುವ ಜಾಗದ ಬೆಳಕು

ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಬೆಳಕು ಅಳೆಯುವ ಒಂದು ಸಣ್ಣ ಸೆನ್ಸರ್ ಇರುತ್ತದೆ. ಪರದೆಯ ಮೇಲ್ಭಾಗದಲ್ಲಿ, ಮಾತಾಡುವಾಗ ಕಿವಿಗೆ ಹಿಡಿಯುತ್ತೇವಲ್ಲ, ಅಲ್ಲೇ ಹತ್ತಿರ. ಉಚಿತವಾಗಿ ಸಿಗುವ ಯಾವುದಾದರೂ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆಯೇ ಲಕ್ಸ್. ಮಾನಿಟರ್ ಎಲ್ಲಿ ನಿಲ್ಲುತ್ತದೋ ಅಲ್ಲಿ, ಅದು ಯಾವ ಕಡೆ ಮುಖ ಮಾಡುತ್ತದೋ ಆ ಕಡೆಗೇ ಫೋನಿನ ಮುಖ ಮಾಡಿ ನಿಲ್ಲಿಸಿ. ಮೇಜಿನ ಮೇಲೆ ಅಂಗಾತ ಇಟ್ಟರೆ ಪ್ರಯೋಜನವಿಲ್ಲ, ಆಗ ಅಳೆಯುವುದು ಮೇಜಿಗೆ ಬೀಳುವ ಬೆಳಕು. ನಮಗೆ ಬೇಕಾದದ್ದು ಪರದೆಯ ಮುಖಕ್ಕೆ ಬೀಳುವ ಬೆಳಕು. ಫೋನಿನ ಅಳತೆ ಅಷ್ಟು ನಿಖರವಲ್ಲ, ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ. ಪರವಾಗಿಲ್ಲ. ನಮಗೆ ಬೇಕಾದದ್ದು 50 ಲಕ್ಸೋ, 200 ಲಕ್ಸೋ, 1000 ಲಕ್ಸೋ ಅನ್ನುವ ಅಂದಾಜು ಮಾತ್ರ.

ಭಾವನವರದು ಮುರಕಲ್ಲಿನ ಹಳೇ ಮನೆ. ಕೆಲಸದ ಕೋಣೆ ಜಗಲಿಯ ಪಕ್ಕದಲ್ಲಿ, ಕಿಟಕಿಯ ಆಚೆ ಅಂಗಳ. ಅಡಿಕೆ ಒಣಗಿಸುವ ಅಂಗಳ ಅಂದರೆ ಗೊತ್ತಲ್ಲ, ಮೇಲೆ ಒಂದು ಮರದ ನೆರಳೂ ಇರುವುದಿಲ್ಲ. ಬಿಸಿಲು ನೇರ ಒಳಗೆ ಬರದಿದ್ದರೂ ಅಂಗಳಕ್ಕೆ ಬಿದ್ದು ಚಿಮ್ಮಿ ಬರುತ್ತದೆ. ಮೇಜು ಕಿಟಕಿಗೆ ಎದುರಾಗಿತ್ತು. ಅಂದರೆ ಕೂತವರ ಬೆನ್ನಿಗೆ ಕಿಟಕಿ, ಪರದೆಯ ಮುಖ ಕಿಟಕಿಗೆ. ಹಗಲು ಹನ್ನೊಂದು ಗಂಟೆಗೆ ಅಲ್ಲಿ ಸುಮಾರು 1000 ಲಕ್ಸ್. ರಾತ್ರಿ ಮೂಲೆಯ ಒಂದು ಸಣ್ಣ ದೀಪ ಮಾತ್ರ ಉರಿಸಿದರೆ ಸುಮಾರು 20. ಒಂದೇ ಕೋಣೆ, ಒಂದೇ ಮೇಜು, ಐವತ್ತು ಪಟ್ಟು ವ್ಯತ್ಯಾಸ.

ಈ ಎರಡು ಅಂಕೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ನಿಟ್ಸ್: ಎಷ್ಟು ಇದ್ದರೆ ಸಾಕು?

ಶೀಟಿನಲ್ಲಿ cd/m² ಅಂತ ಬರೆದಿರುವುದೂ ಜನ ನಿಟ್ಸ್ ಅನ್ನುವುದೂ ಒಂದೇ. ಪರದೆಯ ಒಂದು ಚದರ ಮೀಟರ್ ಜಾಗದಿಂದ ನಿಮ್ಮ ಕಡೆಗೆ ಎಷ್ಟು ಬೆಳಕು ಹೊರಡುತ್ತದೆ ಅನ್ನುವ ಅಳತೆ. 250 ಅಂದರೆ ಪೂರ್ತಿ ಬಿಳಿ ತೋರಿಸುವಾಗ, ಬ್ರೈಟ್‌ನೆಸ್ ಕೊನೆಯವರೆಗೆ ಏರಿಸಿದಾಗ, 250 ನಿಟ್ಸ್. ಅದು ಗರಿಷ್ಠ ಮಿತಿ. ದಿನವೂ ಅಷ್ಟು ಇಡಬೇಕು ಅಂತ ಅರ್ಥವಲ್ಲ.

ಅದರ ಪಕ್ಕದಲ್ಲಿ `Typ` ಅಂತ ಇದ್ದರೆ ಆ ಮಾಡೆಲಿನಲ್ಲಿ ಸಾಮಾನ್ಯವಾಗಿ ಸಿಗುವ ಬೆಳಕು ಅಂತ. ಕೆಲವು ಶೀಟುಗಳಲ್ಲಿ `Min` ಅಂತ ಇನ್ನೊಂದು ಅಂಕೆಯೂ ಇರುತ್ತದೆ, 250ರ ಪಕ್ಕದಲ್ಲಿ 200 ಇದ್ದ ಹಾಗೆ. ನಿಮ್ಮ ಕೈಗೆ ಬರುವ ಮಾನಿಟರ್ 200 ಕೊಟ್ಟರೂ ಕಂಪನಿಯ ಲೆಕ್ಕದಲ್ಲಿ ಅದು ಸರಿಯಾದ ಮಾಲೇ. ಲೆಕ್ಕ ಹಾಕುವಾಗ ಈ ಚಿಕ್ಕ ಅಂಕೆಯನ್ನೂ ಕಣ್ಣಿನಲ್ಲಿಟ್ಟಿರಿ.

ಹಾಗಾದರೆ ನಿಮಗೆ ಎಷ್ಟು ಬೇಕು? ಇದಕ್ಕೆ ಬಿಳಿ ಕಾಗದವೇ ಒಳ್ಳೆಯ ಅಳತೆಗೋಲು. ಮಾನಿಟರಿನ ಜಾಗದಲ್ಲಿ ಒಂದು ಎ4 ಹಾಳೆಯನ್ನು ನೆಟ್ಟಗೆ ಹಿಡಿದರೆ ಅದು ಎಷ್ಟು ಬೆಳ್ಳಗೆ ಕಾಣುತ್ತದೋ, ಪರದೆಯ ಬಿಳಿಯೂ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಕಣ್ಣಿಗೆ ಹಿತ. ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 85ನ್ನು ಎಲ್ಲ ದಿಕ್ಕಿಗೂ ವಾಪಸ್ ಕೊಡುತ್ತದೆ. ಲೆಕ್ಕ ಹೀಗೆ:

```
ಕಾಗದದ ನಿಟ್ಸ್ = ಲಕ್ಸ್ × 0.85 ÷ 3.14
```

1000 ಲಕ್ಸಿನಲ್ಲಿ ಇದು 270 ನಿಟ್ಸ್. ಅಂದರೆ ಭಾವನವರ ಕಿಟಕಿಯ ಎದುರು 250 ನಿಟ್ಸಿನ ಮಾನಿಟರ್ ಪೂರ್ತಿ ಏರಿಸಿದರೂ ಪಕ್ಕದ ಕಾಗದಕ್ಕಿಂತ ತುಸು ಮಂಕಾಗಿಯೇ ಕಾಣುತ್ತದೆ. 400 ಲಕ್ಸಿನಲ್ಲಿ 108 ನಿಟ್ಸ್ ಸಾಕು. ಸಾಮಾನ್ಯ ಕೋಣೆಗಳಲ್ಲಿ ಮಾನಿಟರನ್ನು 100ರಿಂದ 150ರ ಒಳಗೇ ಇಡುವುದು ಈ ಕಾರಣಕ್ಕೆ. ರಾತ್ರಿ 20 ಲಕ್ಸಿಗೆ ಈ ಲೆಕ್ಕ ಹಾಕಿದರೆ 5 ನಿಟ್ಸ್ ಬರುತ್ತದೆ, ಅಷ್ಟು ಕೆಳಗೆ ಹೋಗುವ ಅಗತ್ಯವಿಲ್ಲ. ಆಗ 80 ಸುತ್ತಮುತ್ತ ಇಟ್ಟರೆ ಓದಲು ಹಿತವಾಗಿರುತ್ತದೆ. ಆದರೆ ಕೆಲವು ಮಾನಿಟರುಗಳು ಬ್ರೈಟ್‌ನೆಸ್ ಸೊನ್ನೆಗೆ ಇಳಿಸಿದರೂ ಕಣ್ಣು ಕುಕ್ಕುವಷ್ಟು ಬೆಳಗುತ್ತವೆ. ಆ ಕನಿಷ್ಠ ಬೆಳಕಿನ ಅಂಕೆ ಶೀಟಿನಲ್ಲಿ ಹೆಚ್ಚಾಗಿ ಇರುವುದೇ ಇಲ್ಲ. ರಾತ್ರಿ ಕೆಲಸ ಮಾಡುವವರು ಅಂಗಡಿಯಲ್ಲಿ ಬ್ರೈಟ್‌ನೆಸ್ ಪೂರ್ತಿ ಇಳಿಸಿ ಕಣ್ಣಾರೆ ನೋಡಿಯೇ ತೆಗೆಯಬೇಕು.

ಇನ್ನೊಂದು ಮಾತು. 250 ಮತ್ತು 300ರ ಮಧ್ಯೆ ವ್ಯತ್ಯಾಸ ದೊಡ್ಡದು ಅನ್ನಿಸುತ್ತದೆ, ಅಲ್ವಾ? ಕಣ್ಣಿಗೆ ಹಾಗಲ್ಲ. ಅಕ್ಕಪಕ್ಕ ಇಟ್ಟರೆ ಗೊತ್ತಾದೀತು, ಬೇರೆ ಬೇರೆ ದಿನ ನೋಡಿದರೆ ಗೊತ್ತಾಗುವುದಿಲ್ಲ. ಬೆಳಕು ಎರಡು ಪಟ್ಟು ಹೆಚ್ಚಾದರೂ ಕಣ್ಣಿಗೆ ಎರಡು ಪಟ್ಟು ಅನ್ನಿಸುವುದಿಲ್ಲ. ಬರೀ ಆ 50 ನಿಟ್ಸಿಗೋಸ್ಕರ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಫೋಟೋ ಕೆಲಸದವರಿಗೆ ನಿಟ್ಸಿನ ದೊಡ್ಡ ಪೆಟ್ಟು ಬೀಳುವುದು ಬೇರೆ ಕಡೆ. ಮಾನಿಟರನ್ನು 250ರಲ್ಲೇ ಇಟ್ಟು ರಾತ್ರಿ ಎಡಿಟ್ ಮಾಡಿದಿರಿ ಅನ್ನಿ. ಪರದೆ ತುಂಬ ಬೆಳಗುವುದರಿಂದ ಫೋಟೋ ಬೆಳ್ಳಗೆ ಕಾಣುತ್ತದೆ, ನೀವು ಫೋಟೋವನ್ನೇ ಸ್ವಲ್ಪ ಕಪ್ಪು ಮಾಡುತ್ತೀರಿ. ಆಲ್ಬಮ್ ಬಂದಾಗ ಮದುಮಗಳ ಮುಖ ಮಂಕು, ಸೀರೆಯ ನೆರಿಗೆ ಎಲ್ಲ ಕಪ್ಪಿನಲ್ಲಿ ಮುಳುಗಿದೆ. "ಲ್ಯಾಬಿನವರು ಹಾಳು ಮಾಡಿದರು" ಅಂತ ಬೈಯುವುದು ಇಂಥ ಹೊತ್ತಿನಲ್ಲಿ. ಎಷ್ಟೋ ಸಲ ಲ್ಯಾಬಿನ ತಪ್ಪೇ ಇರುವುದಿಲ್ಲ, ಪರದೆಯ ಬ್ರೈಟ್‌ನೆಸ್ಸಿನ ತಪ್ಪು. ಪ್ರಿಂಟಿಗೆ ಹೋಗುವ ಕೆಲಸವನ್ನು 100ರಿಂದ 120 ನಿಟ್ಸಿನಲ್ಲಿ ಮಾಡಿ. ಅಳೆಯುವ ಸಾಧನ ಇಲ್ಲದಿದ್ದರೆ ಕೋಣೆಯನ್ನು 400 ಲಕ್ಸಿನ ಹತ್ತಿರ ತಂದು, ಪರದೆಯಲ್ಲಿ ಖಾಲಿ ಬಿಳಿ ಡಾಕ್ಯುಮೆಂಟ್ ತೆರೆದು, ಪಕ್ಕದಲ್ಲಿ ಹಾಳೆ ಹಿಡಿದು, ಎರಡೂ ಒಂದೇ ಸಮ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಸುಮಾರು ಅಲ್ಲಿಗೇ ಬಂದು ನಿಲ್ಲುತ್ತದೆ.

ಕಾಂಟ್ರಾಸ್ಟ್: ಅಂಕೆ ದೊಡ್ಡದು, ಆದರೆ ಹಗಲಿಗೆ ಉಳಿಯುವುದಿಲ್ಲ

ಕಾಂಟ್ರಾಸ್ಟ್ ರೇಶಿಯೋ ಅಂದರೆ ಪರದೆಯ ಬಿಳಿ ಅದರ ಕಪ್ಪಿನ ಎಷ್ಟು ಪಟ್ಟು ಅಂತ. ಎಲ್‌ಸಿಡಿ ಪರದೆಯಲ್ಲಿ ಹಿಂದೆ ಒಂದು ಬ್ಯಾಕ್‌ಲೈಟ್ ಯಾವಾಗಲೂ ಉರಿಯುತ್ತಿರುತ್ತದೆ, ಕಪ್ಪು ತೋರಿಸಬೇಕಾದಲ್ಲಿ ಪ್ಯಾನೆಲ್ ಆ ಬೆಳಕನ್ನು ತಡೆಯುತ್ತದೆ. ಪೂರ್ತಿ ತಡೆಯಲು ಆಗುವುದಿಲ್ಲ, ಸ್ವಲ್ಪ ಸೋರುತ್ತದೆ. 1000:1 ಅಂದರೆ ಬಿಳಿ 250 ನಿಟ್ಸ್ ಇದ್ದಾಗ ಕಪ್ಪಿನಲ್ಲಿ 0.25 ನಿಟ್ಸ್ ಸೋರಿಕೆ. 3000:1 ಅಂದರೆ 0.083. ಮಾಮೂಲಿ ಐಪಿಎಸ್ ಪ್ಯಾನೆಲುಗಳು 1000:1ರ ಸುತ್ತ ಇರುತ್ತವೆ. ಈಚೆಗೆ ಕೆಲವು ಐಪಿಎಸ್‌ಗಳು 2000:1ಕ್ಕೆ, ಅದಕ್ಕಿಂತ ಮೇಲಕ್ಕೂ ಬಂದಿವೆ. ವಿಎ ಪ್ಯಾನೆಲುಗಳು 3000:1 ಮತ್ತು ಮೇಲೆ. ಓಎಲ್‌ಇಡಿಯಲ್ಲಿ ಬ್ಯಾಕ್‌ಲೈಟೇ ಇಲ್ಲ, ಪ್ರತಿ ಚುಕ್ಕೆಯೂ ತಾನೇ ಉರಿದು ತಾನೇ ಆರುತ್ತದೆ, ಹಾಗಾಗಿ ಕತ್ತಲೆಯಲ್ಲಿ ಕಪ್ಪು ಅಂದರೆ ನಿಜವಾದ ಕಪ್ಪು.

ಶೀಟಿನಲ್ಲಿ ಕೋಟಿಗಟ್ಟಲೆ ಪಟ್ಟು ಅಂತ ಇನ್ನೊಂದು ಕಾಂಟ್ರಾಸ್ಟ್ ಅಂಕೆ ಇದ್ದರೆ, ಪಕ್ಕದಲ್ಲಿ ಡೈನಾಮಿಕ್ ಅಥವಾ ಡಿಸಿಆರ್ ಅಂತ ಇದ್ದರೆ, ಅದನ್ನು ಬಿಟ್ಟುಬಿಡಿ. ಇಡೀ ಪರದೆ ಕಪ್ಪಾದಾಗ ಬ್ಯಾಕ್‌ಲೈಟನ್ನೇ ಇಳಿಸಿ ಅಳೆದದ್ದು ಅದು. ಒಂದೇ ಚಿತ್ರದಲ್ಲಿ ಬಿಳಿಯೂ ಕಪ್ಪೂ ಒಟ್ಟಿಗೆ ಇದ್ದಾಗ ಆ ಅಂಕೆಗೆ ಬೆಲೆಯಿಲ್ಲ. ಓದಬೇಕಾದದ್ದು ಸ್ಟ್ಯಾಟಿಕ್ ಅಥವಾ ಟಿಪಿಕಲ್ ಅಂತ ಕೊಟ್ಟ ಅಂಕೆಯನ್ನು.

ಈಗ ಚೀಟಿ ಹೊರಗೆ ತೆಗೆಯಿರಿ. ಕೋಣೆಯ ಬೆಳಕು ಪರದೆಗೆ ಬಿದ್ದು ಸ್ವಲ್ಪ ವಾಪಸ್ ಬರುತ್ತದೆ. ಅದು ಬಿಳಿಗೂ ಸೇರುತ್ತದೆ, ಕಪ್ಪಿಗೂ ಸೇರುತ್ತದೆ. ಬಿಳಿಗೆ ಸೇರಿದ್ದು ಲೆಕ್ಕಕ್ಕೇ ಬರುವುದಿಲ್ಲ. ಕಪ್ಪಿಗೆ ಸೇರಿದ್ದೇ ಚಿತ್ರವನ್ನು ಕೆಡಿಸುವುದು. ಮ್ಯಾಟ್ ಪರದೆಯೊಂದು ಬಿದ್ದ ಬೆಳಕಿನಲ್ಲಿ ಶೇಕಡ 2ನ್ನು ಹರಡಿ ವಾಪಸ್ ಕಳಿಸುತ್ತದೆ ಅಂತ ಇಟ್ಟುಕೊಳ್ಳೋಣ. ಪರದೆಯಿಂದ ಪರದೆಗೆ ಇದು ಬದಲಾಗುತ್ತದೆ, ನಮ್ಮ ಲೆಕ್ಕಕ್ಕೆ ಇಷ್ಟು ಸಾಕು.

```
ವಾಪಸ್ ಬರುವ ನಿಟ್ಸ್ = ಲಕ್ಸ್ × 0.02 ÷ 3.14
ನಿಜವಾದ ಕಾಂಟ್ರಾಸ್ಟ್ = (ಬಿಳಿ + ವಾಪಸ್) ÷ (ಕಪ್ಪು + ವಾಪಸ್)
```

ಭಾವನವರ ಕೋಣೆಯ ಹಗಲಿನ 1000 ಲಕ್ಸ್ ಹಾಕಿ. ವಾಪಸ್ ಬರುವುದು 6.4 ನಿಟ್ಸ್. A ಮಾನಿಟರಿನ ಕಪ್ಪು 0.25 ಇದ್ದದ್ದು 6.65 ಆಯಿತು. B ಮಾನಿಟರಿನ ಕಪ್ಪು 0.083 ಇದ್ದದ್ದು 6.48 ಆಯಿತು. ಭಾಗಿಸಿದರೆ A ಕೊಡುವುದು 39:1, B ಕೊಡುವುದು 40:1. ಶೀಟಿನಲ್ಲಿ ಮೂರು ಪಟ್ಟು ದೊಡ್ಡದಿದ್ದ ಅಂಕೆ ಹಗಲು ಹೊತ್ತಿಗೆ ಇಲ್ಲವೇ ಇಲ್ಲ ಅನ್ನುವಷ್ಟಾಯಿತು. 350 ನಿಟ್ಸಿನ C ಮಾತ್ರ 53:1 ಕೊಡುತ್ತದೆ, ಶೀಟಿನಲ್ಲಿ ಅದರ ಕಾಂಟ್ರಾಸ್ಟ್ B ಗಿಂತ ಕಡಿಮೆ ಇದ್ದರೂ. ಬೆಳಕು ಜಾಸ್ತಿ ಇರುವ ಕೋಣೆಯಲ್ಲಿ ಕಾಂಟ್ರಾಸ್ಟ್ ಕೊಡುವುದು ನಿಟ್ಸ್, ಕಾಂಟ್ರಾಸ್ಟ್ ಸಾಲು ಅಲ್ಲ.

ರಾತ್ರಿಗೆ ಬನ್ನಿ. 20 ಲಕ್ಸ್, ಪರದೆ 120 ನಿಟ್ಸಿಗೆ ಇಳಿಸಿದೆ. ವಾಪಸ್ ಬರುವುದು 0.13 ಮಾತ್ರ. A ಈಗ 480:1 ಹತ್ತಿರ, B 700:1 ದಾಟುತ್ತದೆ. ಈಗ ವಿಎ ಪ್ಯಾನೆಲಿನ ಗುಣ ಕಾಣುತ್ತದೆ. ರಾತ್ರಿಯ ಆಟದ ಫೋಟೋ ಹಾಕಿ ನೋಡಿದರೆ ಗೊತ್ತಾಗುತ್ತದೆ: ರಂಗಸ್ಥಳದ ಹಿಂದಿನ ಕತ್ತಲು ಐಪಿಎಸ್‌ನಲ್ಲಿ ಬೂದಿ ಬೆರೆಸಿದ ಹಾಗೆ ಕಂಡರೆ, ವಿಎಯಲ್ಲಿ ಗಟ್ಟಿ ಕಪ್ಪಾಗಿ ಕೂರುತ್ತದೆ, ಬಣ್ಣದ ವೇಷದ ಮುಖದ ಬಿಳಿ ಚುಟ್ಟಿ ಅದರ ಎದುರು ಎದ್ದು ನಿಲ್ಲುತ್ತದೆ.

ಹಾಗಂತ ಫೋಟೋ ಕೆಲಸಕ್ಕೆ ವಿಎ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಶೀಟಿನಲ್ಲಿ ಸಿಗದ ಒಂದು ಕೊರತೆ ಇದೆ. ನೋಡುವ ಕೋನ 178 ಡಿಗ್ರಿ ಅಂತ ಐಪಿಎಸ್‌ಗೂ ಬರೆದಿರುತ್ತಾರೆ, ವಿಎಗೂ ಬರೆದಿರುತ್ತಾರೆ. ಆ ಅಂಕೆ ಹೇಳುವುದು ಅಷ್ಟು ಓರೆಯಿಂದ ನೋಡಿದರೂ ಸ್ವಲ್ಪ ಕಾಂಟ್ರಾಸ್ಟ್ ಉಳಿದಿರುತ್ತದೆ ಅಂತ, ಬಣ್ಣ ಬದಲಾಗುವುದಿಲ್ಲ ಅಂತ ಅಲ್ಲ. ವಿಎಯಲ್ಲಿ ನೆಟ್ಟಗೆ ಕೂತು ನೋಡಿದಾಗ ಗಾಢ ಬಣ್ಣಗಳಲ್ಲಿ ಮುಚ್ಚಿಹೋಗುವ ವಿವರ, ತಲೆ ಸ್ವಲ್ಪ ಪಕ್ಕಕ್ಕೆ ತಂದರೆ ತೆರೆದುಕೊಳ್ಳುತ್ತದೆ. ಕಪ್ಪು ಕೋಟಿನ ಮಡಿಕೆಯನ್ನು ಎಷ್ಟು ಎತ್ತಬೇಕು ಅಂತ ತೀರ್ಮಾನ ಮಾಡುವ ಕೆಲಸಕ್ಕೆ ಇದು ತೊಂದರೆ. ಪರೀಕ್ಷೆ ಸುಲಭ. ಪೂರ್ತಿ ಪರದೆಗೆ ಒಂದೇ ಗಾಢ ಬೂದು ಬಣ್ಣ ಹಾಕಿ, ಮಧ್ಯದಲ್ಲೂ ಅಂಚಿನಲ್ಲೂ ಒಂದೇ ತರ ಕಾಣುತ್ತದೆಯೇ ನೋಡಿ, ಆಮೇಲೆ ತಲೆ ಎಡಕ್ಕೂ ಬಲಕ್ಕೂ ಮಾಡಿ ನೋಡಿ. ರಾತ್ರಿ ಸಿನಿಮಾ ನೋಡುವವರಿಗೆ, ದೀಪ ಆರಿಸಿ ಗೇಮ್ ಆಡುವವರಿಗೆ ಈ ಕೊರತೆ ಅಷ್ಟು ಬಾಧಿಸುವುದಿಲ್ಲ, ಅವರಿಗೆ ವಿಎ ಒಳ್ಳೆಯದೇ.

ಭಾವನವರಿಗೆ ನಾನು ಮೊದಲು ಹೇಳಿದ್ದು ಮಾನಿಟರಿನ ವಿಷಯವೇ ಅಲ್ಲ. ಮೇಜನ್ನು ತಿರುಗಿಸಿ, ಕಿಟಕಿ ಪಕ್ಕಕ್ಕೆ ಬರಲಿ, ದಪ್ಪ ಪರದೆ ಬಟ್ಟೆ ಹಾಕಿ ಅಂದೆ. ಪರದೆಯ ಮುಖದ ಬೆಳಕು 1000ದಿಂದ 200 ಲಕ್ಸಿಗೆ ಇಳಿಯಿತು. ಅದೇ 250 ನಿಟ್ಸಿನ A ಮಾನಿಟರಿಗೆ ಈಗ ಲೆಕ್ಕ ಹಾಕಿದರೆ ಹಗಲಲ್ಲೂ 165:1 ಬರುತ್ತದೆ. ಮೊದಲಿನ 39ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು. ಯಾವ ಅಂಗಡಿಯಲ್ಲೂ ಆ ದುಡ್ಡಿಗೆ ನಾಲ್ಕು ಪಟ್ಟು ಕಾಂಟ್ರಾಸ್ಟ್ ಸಿಗುವುದಿಲ್ಲ. ಕಿಟಕಿ ಬೆನ್ನಿಗೂ ಬೇಡ, ಮಾನಿಟರಿನ ಹಿಂದೆಯೂ ಬೇಡ. ಹಿಂದೆ ಇದ್ದರೆ ಪರದೆಗೆ ಬೆಳಕು ಬೀಳದಿದ್ದರೂ ಕಣ್ಣು ಕಿಟಕಿಯ ಬೆಳಕಿಗೆ ಹೊಂದಿಕೊಂಡು ಪರದೆ ಮಂಕಾಗಿ ಕಾಣುತ್ತದೆ.

ಚಿತ್ರದ ಬೆಳಕು ಕತ್ತಲಿನ ಅಂತರವನ್ನು ಹೆಚ್ಚು ಮಾಡಿ ತೋರಿಸುವ ಎಚ್‌ಡಿಆರ್ ಬಗ್ಗೆ ಎರಡೇ ಮಾತು. ಶೀಟಿನಲ್ಲಿ ಎಚ್‌ಡಿಆರ್10 ಅಂತ ಮಾತ್ರ ಇದ್ದರೆ, ಆ ಸಿಗ್ನಲ್ ಕೊಟ್ಟರೆ ಮಾನಿಟರ್ ತೆಗೆದುಕೊಳ್ಳುತ್ತದೆ ಅಂತ ಅಷ್ಟೇ, ಅದನ್ನು ತೋರಿಸುವಷ್ಟು ಬೆಳಕು ಅದಕ್ಕೆ ಇದೆ ಅಂತಲ್ಲ. 250 ನಿಟ್ಸ್, 1000:1 ಇರುವ ಮಾನಿಟರಿನಲ್ಲಿ ಎಚ್‌ಡಿಆರ್ ಹಾಕಿದರೆ ಚಿತ್ರ ಇನ್ನೂ ಸಪ್ಪೆಯಾಗುವುದೇ ಹೆಚ್ಚು. ವೆಸಾ ಸಂಸ್ಥೆಯ ಡಿಸ್‌ಪ್ಲೇಎಚ್‌ಡಿಆರ್ ಗುರುತಿನಲ್ಲಿ 400, 600, 1000 ಅಂತ ಇರುವ ಅಂಕೆಗಳು ಗರಿಷ್ಠ ನಿಟ್ಸ್. ಅದರಲ್ಲಿ 400 ಕೆಳಗಿನ ಮೆಟ್ಟಿಲು, ಅದಕ್ಕೋಸ್ಕರ ಎಚ್‌ಡಿಆರ್ ಮಾನಿಟರ್ ಅಂತ ತೆಗೆಯಬೇಡಿ.

ಗ್ಯಾಮಟ್: ಯಾವ ಬಣ್ಣ, ಯಾರಿಗೆ

ಗ್ಯಾಮಟ್ ಅಂದರೆ ಆ ಪರದೆ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ. ಎಷ್ಟು ಗಾಢವಾದ ಕೆಂಪು, ಎಷ್ಟು ಗಾಢವಾದ ಹಸಿರು ಅದರ ಕೈಗೆ ಎಟಕುತ್ತದೆ ಅಂತ. ಈ ವ್ಯಾಪ್ತಿಯನ್ನು ಅಳೆಯಲು ಬೇರೆ ಬೇರೆ ಅಳತೆಗಳಿವೆ, ಅಲ್ಲೇ ಜನ ತಪ್ಪುವುದು.

ಎಸ್‌ಆರ್‌ಜಿಬಿ ಅನ್ನುವುದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ತಂದದ್ದು. ಇವತ್ತಿಗೂ ಇಂಟರ್ನೆಟ್ಟಿನಲ್ಲಿರುವ ಚಿತ್ರಗಳಲ್ಲಿ ಹೆಚ್ಚಿನವು, ಫೋಟೋ ಲ್ಯಾಬಿಗೆ ಕಳಿಸುವ ಜೆಪೆಗ್‌ಗಳಲ್ಲಿ ಹೆಚ್ಚಿನವು ಇದರಲ್ಲೇ ಇರುತ್ತವೆ. ಡಿಸಿಐ-ಪಿ3 ಸಿನಿಮಾ ಥಿಯೇಟರಿಗೆ ಮಾಡಿದ ದೊಡ್ಡ ವ್ಯಾಪ್ತಿ. ಅಡೋಬ್ ಆರ್‌ಜಿಬಿ 1998ರದ್ದು, ಮುದ್ರಣದ ಕೆಲಸಕ್ಕೆ. ಎನ್‌ಟಿಎಸ್‌ಸಿ 1953ರ ಅಮೆರಿಕದ ಟಿವಿ ಅಳತೆ, ಇವತ್ತು ಅದರಲ್ಲಿ ಯಾರೂ ಚಿತ್ರ ಮಾಡುವುದಿಲ್ಲ, ಆದರೂ ಸ್ಪೆಕ್ ಶೀಟಿನಲ್ಲಿ ಮಾತ್ರ ಉಳಿದುಕೊಂಡಿದೆ.

ಎನ್‌ಟಿಎಸ್‌ಸಿಯ ಶೇಕಡ 72 ಅಂದರೆ ಹೆಚ್ಚುಕಮ್ಮಿ ಒಂದು ಪೂರ್ತಿ ಎಸ್‌ಆರ್‌ಜಿಬಿಯಷ್ಟು ದೊಡ್ಡದು. ಹಾಗಾಗಿ B ಮಾನಿಟರಿನ 72 ನೋಡಿ, A ಯ 99ಕ್ಕಿಂತ ತುಂಬ ಕಡಿಮೆ ಅಂದುಕೊಳ್ಳಬೇಕಾಗಿಲ್ಲ, ಎರಡರ ಗಾತ್ರ ಸುಮಾರು ಒಂದೇ. ಎಚ್ಚರ ಬೇಕಾದದ್ದು 45% ಎನ್‌ಟಿಎಸ್‌ಸಿ ಅಂತ ಬರೆದಿರುವಲ್ಲಿ. ಕಡಿಮೆ ರೇಟಿನ ಲ್ಯಾಪ್‌ಟಾಪುಗಳಲ್ಲಿ ಇದು ತುಂಬ ಸಾಮಾನ್ಯ. ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲೂ ಸರಿಯಾಗಿ ಇರುವುದಿಲ್ಲ.

ಅಂಥ ಪರದೆಯಲ್ಲಿ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿ. ತೆಂಕುತಿಟ್ಟಿನ ವೇಷದ ಕೆಂಪು ದಗಲೆ ತೆಗೆದುಕೊಳ್ಳಿ. ದಗಲೆಯ ಕೆಂಪು ಒಂದೇ ಕೆಂಪಲ್ಲ. ದೀಪದ ಕಡೆಯ ತೋಳಿನಲ್ಲಿ ಒಂದು, ಮಡಿಕೆಯ ಒಳಗೆ ಒಂದು, ಬೆವರು ಹೀರಿದ ಕಂಕುಳಿನ ಹತ್ತಿರ ಇನ್ನೊಂದು. ಕಡಿಮೆ ಗ್ಯಾಮಟ್ಟಿನ ಪರದೆ ಈ ಕೆಂಪುಗಳನ್ನೆಲ್ಲ ಇಟ್ಟಿಗೆ ಬಣ್ಣದ ಕಡೆಗೆ ತಂದು ಸಪ್ಪೆ ಮಾಡುತ್ತದೆ. ಎಡಿಟ್ ಮಾಡುವವರು ಸುಮ್ಮನಿರುತ್ತಾರಾ? ಸ್ಯಾಚುರೇಶನ್ ಏರಿಸುತ್ತಾರೆ. ತಮ್ಮ ಪರದೆಯಲ್ಲಿ ಸರಿ ಕಾಣುವವರೆಗೆ ಏರಿಸಿ ಕಳಿಸಿದ ಫೋಟೋ ಬೇರೆಯವರ ಒಳ್ಳೆ ಪರದೆಯಲ್ಲಿ, ಪ್ರಿಂಟಿನಲ್ಲಿ, ಕೆಂಪು ಬಣ್ಣ ಸುರಿದ ಹಾಗೆ ಆಗುತ್ತದೆ. ಮಡಿಕೆ, ನೇಯ್ಗೆ ಎಲ್ಲ ಹೋಗಿ ಬರೀ ಒಂದು ಕೆಂಪು ತುಂಡು ಉಳಿಯುತ್ತದೆ. ಪತ್ತೆ ಹಚ್ಚುವುದು ಹೇಗೆ ಅಂದರೆ, ಎಡಿಟಿಂಗ್ ಸಾಫ್ಟ್‌ವೇರಿನ ಹಿಸ್ಟೋಗ್ರಾಮಿನಲ್ಲಿ ಕೆಂಪು ಗೆರೆ ಬಲ ಅಂಚಿಗೆ ಹೋಗಿ ಗೋಡೆಗೆ ಒರಗಿದ ಹಾಗೆ ನಿಂತಿದ್ದರೆ ಕೆಂಪು ತುಂಬಿ ಹರಿದಿದೆ ಅಂತಲೇ ಅರ್ಥ, ಪರದೆಯಲ್ಲಿ ಎಷ್ಟೇ ಚಂದ ಕಂಡರೂ.

ಹಾಗಾದರೆ ದೊಡ್ಡ ಗ್ಯಾಮಟ್ಟಿನ C ಒಳ್ಳೆಯದಲ್ವಾ? ಕೆಂಪಿನ ಮಟ್ಟಿಗೆ ಹೌದು. ಪಿ3ಯ ಕೆಂಪು ಎಸ್‌ಆರ್‌ಜಿಬಿಯ ಕೆಂಪಿಗಿಂತ ಗಾಢ, ಹಾಗಾಗಿ ದಗಲೆಯ ಆ ಆಳದ ಕೆಂಪು ಕ್ಯಾಮೆರಾದ ರಾ ಫೈಲಿನಲ್ಲಿ ಇದ್ದರೆ ಅದು ತೋರಿಸಬಲ್ಲದು. ಅಡೋಬ್ ಆರ್‌ಜಿಬಿ ಈ ವಿಷಯದಲ್ಲಿ ಸಹಾಯ ಮಾಡುವುದಿಲ್ಲ. ಅದರ ಕೆಂಪಿನ ತುದಿ ಎಸ್‌ಆರ್‌ಜಿಬಿಯದ್ದೇ, ಅದು ಬೆಳೆದಿರುವುದು ಹಸಿರು ಮತ್ತು ಹಸಿರು ನೀಲಿಯ ಕಡೆಗೆ. ತೋಟ, ಗದ್ದೆ, ಸಮುದ್ರ ತೆಗೆದು ಒಳ್ಳೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸುವವರು ಅಡೋಬ್ ಆರ್‌ಜಿಬಿ ಸಾಲು ನೋಡಬೇಕು, ವೇಷ ಮತ್ತು ದೈವದ ಕೆಂಪು ತೆಗೆಯುವವರು ಪಿ3 ಸಾಲು ನೋಡಬೇಕು.

ಆದರೆ C ಯಲ್ಲಿ ಒಂದು ತೊಡಕು ಇದೆ. ವಿಂಡೋಸ್‌ನಲ್ಲಿ ಎಷ್ಟೋ ಪ್ರೋಗ್ರಾಮುಗಳಿಗೆ ನಿಮ್ಮ ಮಾನಿಟರಿನ ವ್ಯಾಪ್ತಿ ಎಷ್ಟು ಅಂತ ಗೊತ್ತೇ ಇರುವುದಿಲ್ಲ. ಫೋಟೋದಲ್ಲಿ ಪೂರ್ತಿ ಕೆಂಪು ಅಂತ ಇದ್ದರೆ, ಮಾನಿಟರಿನ ಪೂರ್ತಿ ಕೆಂಪನ್ನೇ ಹಾಕಿಬಿಡುತ್ತವೆ. ಎಸ್‌ಆರ್‌ಜಿಬಿ ಕೆಂಪು ಪಿ3 ಕೆಂಪಾಗಿ ಹೊಳೆಯುತ್ತದೆ, ಮನುಷ್ಯರ ಮುಖ ಬಿಸಿಲಿಗೆ ಸುಟ್ಟ ಹಾಗೆ ಕಾಣುತ್ತದೆ. ಫೋಟೋಶಾಪ್‌ನಂಥವು ಮಾನಿಟರಿನ ಕಲರ್ ಪ್ರೊಫೈಲ್ ಸರಿಯಾಗಿದ್ದರೆ ಸರಿ ಮಾಡಿ ತೋರಿಸುತ್ತವೆ. ಹಾಗಾಗಿ ಒಂದೇ ಫೋಟೋ ಒಂದು ಪ್ರೋಗ್ರಾಮಿನಲ್ಲಿ ಒಂದು ತರ, ಇನ್ನೊಂದರಲ್ಲಿ ಒಂದು ತರ ಕಂಡರೆ ಕಾರಣ ಇದೇ.

ಇದಕ್ಕೆ ಮಾನಿಟರಿನ ಮೆನುವಿನಲ್ಲಿ `sRGB` ಅನ್ನುವ ಮೋಡ್ ಇರಬೇಕು. ಅದನ್ನು ಹಾಕಿದರೆ ಮಾನಿಟರ್ ತಾನೇ ತನ್ನ ವ್ಯಾಪ್ತಿಯನ್ನು ಎಸ್‌ಆರ್‌ಜಿಬಿಗೆ ಇಳಿಸಿಕೊಳ್ಳುತ್ತದೆ. ಶೀಟಿನಲ್ಲಿ ಇದು ಕಾಣದಿದ್ದರೆ ಮಾನಿಟರಿನ ಮ್ಯಾನುಯಲ್ ಪಿಡಿಎಫ್ ಇಳಿಸಿ ಮೆನುವಿನ ಪುಟ ನೋಡಿ. ಕೆಲವು ಮಾನಿಟರುಗಳಲ್ಲಿ ಈ ಮೋಡ್ ಹಾಕಿದ ಕೂಡಲೇ ಬ್ರೈಟ್‌ನೆಸ್ ಬದಲಿಸಲು ಬಿಡುವುದಿಲ್ಲ, ಒಂದು ಕಡೆ ಬೀಗ ಹಾಕಿಬಿಡುತ್ತದೆ. ಆಗ ಮೇಲೆ ಮಾಡಿದ 120 ನಿಟ್ಸಿನ ಲೆಕ್ಕವೆಲ್ಲ ಕೈತಪ್ಪುತ್ತದೆ. ದೊಡ್ಡ ಗ್ಯಾಮಟ್ ತೆಗೆಯುವವರು ಇದೊಂದನ್ನು ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ.

120% ಎಸ್‌ಆರ್‌ಜಿಬಿ ಅಂತ ಕಂಡರೂ ನಿಧಾನಿಸಿ. ವ್ಯಾಪ್ತಿಯ ಒಟ್ಟು ಗಾತ್ರ ಎಸ್‌ಆರ್‌ಜಿಬಿಗಿಂತ ದೊಡ್ಡದು ಅಂತ ಅದರ ಅರ್ಥ. ಎಸ್‌ಆರ್‌ಜಿಬಿಯ ಎಲ್ಲ ಬಣ್ಣವೂ ಅದರೊಳಗೆ ಬರುತ್ತದೆ ಅಂತ ಅಲ್ಲ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕುಗ್ಗಿರಬಹುದು. ಶೇಕಡ 100 ದಾಟಿದ ಅಂಕೆ ಕಂಡರೆ ಅದು ಗಾತ್ರ. `coverage` ಅಂತ ಬರೆದು 100ರ ಒಳಗೆ ಇದ್ದರೆ ಎಷ್ಟು ಪಾಲು ನಿಜವಾಗಿ ಒಳಗೆ ಬರುತ್ತದೆ ಅಂತ. ಎರಡನೆಯದನ್ನೇ ನಂಬಿ.

ಮತ್ತೆ, 16.7 ಮಿಲಿಯನ್ ಬಣ್ಣ ಅಂತ ಇರುವ ಸಾಲಿಗೂ ಗ್ಯಾಮಟ್ಟಿಗೂ ಸಂಬಂಧವಿಲ್ಲ. ಅದು ವ್ಯಾಪ್ತಿಯನ್ನು ಎಷ್ಟು ಮೆಟ್ಟಿಲಾಗಿ ಒಡೆದಿದ್ದಾರೆ ಅನ್ನುವ ಲೆಕ್ಕ. ಅದೇ ರೀತಿ, ಗ್ಯಾಮಟ್ ದೊಡ್ಡದಿದ್ದರೆ ಬಣ್ಣ ಸರಿಯಾಗಿದೆ ಅಂತಲೂ ಅಲ್ಲ. ಬಣ್ಣದ ಸರಿ ತಪ್ಪು ಹೇಳುವುದು ಡೆಲ್ಟಾ ಇ ಅನ್ನುವ ಅಂಕೆ, 2ಕ್ಕಿಂತ ಕಡಿಮೆ ಇದ್ದರೆ ಫೋಟೋ ಕೆಲಸಕ್ಕೆ ಒಳ್ಳೆಯದು. ಕೆಲವು ಮಾನಿಟರುಗಳ ಪೆಟ್ಟಿಗೆಯಲ್ಲೇ ಫ್ಯಾಕ್ಟರಿಯಲ್ಲಿ ಅಳೆದ ಕಾಗದ ಇರುತ್ತದೆ.

ಕೊನೆಗೆ ಯಾವುದು?

ಭಾವನವರು ಆಲ್ಬಮ್ ಲ್ಯಾಬಿಗೆ ಎಸ್‌ಆರ್‌ಜಿಬಿಯಲ್ಲೇ ಕಳಿಸುವುದು. ಗಿರಾಕಿಗಳು ನೋಡುವುದು ವಾಟ್ಸ್‌ಆ್ಯಪಿನಲ್ಲಿ. ಅವರಿಗೆ ನಾನು ಹೇಳಿದ್ದು A. ಕೋಣೆಯ ಬೆಳಕು 200 ಲಕ್ಸಿಗೆ ಇಳಿದ ಮೇಲೆ C ಯ ಹೆಚ್ಚುವರಿ 100 ನಿಟ್ಸ್ ಬೇಕಾಗಿಲ್ಲ, ಪಿ3 ಕೆಂಪು ಪ್ರಿಂಟಿಗೆ ಹೋಗುವುದಿಲ್ಲ, B ಯ ಕಪ್ಪು ಚಂದ ಇದ್ದರೂ ಓರೆಯಾದಾಗ ಬದಲಾಗುತ್ತದೆ. ಉಳಿದ ದುಡ್ಡಿನಲ್ಲಿ ಬಣ್ಣ ಅಳೆಯುವ ಕಲರಿಮೀಟರ್ ತೆಗೆಯಿರಿ, ಅಕ್ಕಪಕ್ಕದ ಇಬ್ಬರು ಮೂವರು ಸ್ಟುಡಿಯೋದವರು ಸೇರಿ ತೆಗೆದರೂ ಆಗುತ್ತದೆ ಅಂದೆ. ವೇಷದ ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿ ಪ್ರದರ್ಶನಕ್ಕೆ ಇಡುವ ಯೋಚನೆ ಇದ್ದಿದ್ದರೆ C ಅನ್ನುತ್ತಿದ್ದೆ.

ಮಾನಿಟರ್ ಮನೆಗೆ ಬಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು, ರಾತ್ರಿ ದೀಪ ಆರಿಸಿ ಪೂರ್ತಿ ಕಪ್ಪು ಚಿತ್ರ ಹಾಕಿ ನೋಡಿ. ಮೂಲೆಗಳಲ್ಲಿ ಸ್ವಲ್ಪ ಬೆಳಕು ಕಾಣುವುದು ಐಪಿಎಸ್‌ನಲ್ಲಿ ಸಹಜ, ತಲೆ ಸರಿಸಿದರೆ ಅದು ಬದಲಾಗುತ್ತದೆ. ತಲೆ ಸರಿಸಿದರೂ ಒಂದೇ ಜಾಗದಲ್ಲಿ ಹಳದಿ ಮಚ್ಚೆ ನಿಂತಿದ್ದರೆ ಬ್ಯಾಕ್‌ಲೈಟ್ ಅಂಚಿನಿಂದ ಸೋರುತ್ತಿದೆ, ಬದಲಿಸಿಕೊಳ್ಳಿ. ಆಮೇಲೆ ಪೂರ್ತಿ ಬೂದು ಹಾಕಿ, ಒಂದು ಬದಿ ಗುಲಾಬಿ ಇನ್ನೊಂದು ಬದಿ ಹಸಿರು ಕಡೆಗೆ ವಾಲಿದೆಯೇ ನೋಡಿ. ಇದೆಲ್ಲ ಸರಿ ಇದ್ದರೆ, ಮೇಲೆ ಹೇಳಿದ ಹಾಗೆ ಕೋಣೆಯನ್ನು 400 ಲಕ್ಸಿನ ಹತ್ತಿರ ತಂದು, ಕಾಗದ ಹಿಡಿದು ಬ್ರೈಟ್‌ನೆಸ್ ಹೊಂದಿಸಿ, ಆ ಅಂಕೆಯನ್ನು ಅದೇ ಚೀಟಿಯಲ್ಲಿ ಬರೆದಿಡಿ. ಮಳೆಗಾಲದಲ್ಲಿ ಅಂಗಳದ ಬೆಳಕೇ ಇರುವುದಿಲ್ಲ, ಹಗಲಲ್ಲೂ ಕೋಣೆ ಮಬ್ಬು. ಜೂನ್ ಬಂದ ಮೇಲೆ ಇನ್ನೊಮ್ಮೆ ಲಕ್ಸ್ ಅಳೆದು, ಟ್ಯೂಬ್‌ಲೈಟ್ ಹಾಕಿ ಅದೇ ಬೆಳಕಿಗೆ ತನ್ನಿ.